ಸೊಳ್ಳೆ ಕಚ್ಚಿದ ಮೇಲೆ ಮಗುವಿಗೆ ಏನು ಹಚ್ಚಬೇಕು?

ಮಳೆಗಾಲ ಹಿಡಿಯಿತೆಂದರೆ ಮೆಡಿಕಲ್ ಶಾಪಿನ ಗಾಜಿನ ಕಟ್ಟೆಯ ಮೇಲೆ ಬೆರಳುದ್ದದ ರೋಲ್-ಆನ್ ಬಾಟಲಿಗಳು ಸಾಲಾಗಿ ನಿಲ್ಲುತ್ತವೆ. ಮೇಲೊಂದು ಹಸಿರೆಲೆ, ನಗುವ ಮಗುವಿನ ಮುಖ, ಹುಳ ಕಚ್ಚಿದ ಜಾಗಕ್ಕೆ ತಕ್ಷಣ ಆರಾಮ ಎಂಬ ಭರವಸೆ. ಪಕ್ಕದಲ್ಲಿ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್. ಒಳಗಿನ ಡ್ರಾಯರಿನಲ್ಲಿ ಅಲರ್ಜಿಯ ಮುಲಾಮಿನ ಟ್ಯೂಬು. ಮನೆಗೆ ಬಂದರೆ ದೇವರ ಗೂಡಿನ ಹತ್ತಿರವೋ ದಿಂಬಿನ ಕೆಳಗೋ ಅಜ್ಜಿಯ ಬಾಮಿನ ಡಬ್ಬಿ ಇದ್ದೇ ಇರುತ್ತದೆ. ಎಲ್ಲವನ್ನೂ ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವೆ, ತುರಿಕೆಗೆ ಹಚ್ಚುವ ಔಷಧಿ ಎಂದು. ಆದರೆ ಇವು ಮಾಡುವ ಕೆಲಸ ಒಂದೇ ಅಲ್ಲ. ಒಂದು ನರವನ್ನು ಬೇರೆ ಕಡೆ ತಿರುಗಿಸುತ್ತದೆ, ಒಂದು ರಾಸಾಯನಿಕವನ್ನು ತಡೆಯುತ್ತದೆ, ಒಂದು ಚರ್ಮವನ್ನು ತಂಪಾಗಿ ಒಣಗಿಸುತ್ತದೆ. ದೊಡ್ಡವರು ಯಾವುದನ್ನು ಹಚ್ಚಿಕೊಂಡರೂ ಅಂಥ ನಷ್ಟವೇನಿಲ್ಲ. ಎರಡು ವರ್ಷ ತುಂಬದ ಮಗುವಿನ ಕಾಲಿಗೆ ಹಚ್ಚುವಾಗ ಮಾತ್ರ ಈ ವ್ಯತ್ಯಾಸ ತಿಳಿದಿರಲೇಬೇಕು.

ಮೊದಲು ತುರಿಕೆ ಎಲ್ಲಿಂದ ಬರುತ್ತದೆ ಎಂದು ನೋಡೋಣ. ರಕ್ತ ಹೀರುವ ಹೆಣ್ಣು ಸೊಳ್ಳೆ ಮೊದಲು ತನ್ನ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಪ್ರೋಟೀನುಗಳು ಅದರಲ್ಲಿರುತ್ತವೆ. ನಮ್ಮ ದೇಹಕ್ಕೆ ಅವು ಪರಕೀಯ. ಈ ಮೊದಲು ಸೊಳ್ಳೆ ಕಚ್ಚಿಸಿಕೊಂಡು ಅವನ್ನು ಗುರುತಿಟ್ಟುಕೊಂಡ ದೇಹದಲ್ಲಿ ಚರ್ಮದ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ಕೆಲವೇ ನಿಮಿಷಗಳಲ್ಲಿ ಮೇಲೆದ್ದು ಬರುವ ಬಿಳಿಚಿದ ಮೆತ್ತನೆಯ ದದ್ದು ಇದರ ಫಲ. ಸುಮಾರು ಇಪ್ಪತ್ತು ನಿಮಿಷಕ್ಕೆ ಅದು ತುದಿ ಮುಟ್ಟುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮಾರನೆಯ ದಿನ ಅದೇ ಜಾಗದಲ್ಲಿ ಕೆಂಪಗೆ, ಗಟ್ಟಿಯಾಗಿ ಇನ್ನೊಂದು ಗುಳ್ಳೆ ಏಳುತ್ತದೆ. ಒಂದೂವರೆ ದಿನದವರೆಗೆ ಬಲಿತು, ಕೆಲವು ದಿನ ಉಳಿದು, ನಿಧಾನವಾಗಿ ಮಾಯುತ್ತದೆ. ಈ ಎರಡನೆಯ ಗುಳ್ಳೆಗೆ ಮುಖ್ಯ ಕಾರಣ ಹಿಸ್ಟಮಿನ್ ಅಲ್ಲ, ಆ ಜಾಗಕ್ಕೆ ಬಂದು ಸೇರುವ ರೋಗನಿರೋಧಕ ಬಿಳಿ ರಕ್ತಕಣಗಳು. ಅಂದರೆ ಸಂಜೆ ಆರು ಗಂಟೆಯ ತುರಿಕೆಯೂ ಮರುದಿನ ಬೆಳಿಗ್ಗೆಯ ತುರಿಕೆಯೂ ಹುಟ್ಟಿನಲ್ಲೇ ಬೇರೆ. ಯಾವ ಔಷಧಿ ಯಾವ ಹೊತ್ತಿಗೆ ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಎಂಬುದು ಇಷ್ಟರಿಂದಲೇ ಅರ್ಧಕ್ಕರ್ಧ ತಿಳಿಯುತ್ತದೆ.

ಒಂದು ಮಗುವನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ವಯಸ್ಸು ಒಂದೂವರೆ ವರ್ಷ, ತೂಕ 10 ಕೆಜಿ. ಸಂಜೆ ಚಡ್ಡಿಯಲ್ಲಿ ಅಂಗಳದಲ್ಲಿ ಆಡಿಕೊಂಡಿತ್ತು. ಒಳಗೆ ಕರೆದುಕೊಂಡು ಬರುವ ಹೊತ್ತಿಗೆ ಎರಡೂ ಮೊಣಕಾಲಿನ ಕೆಳಗೆ ಹತ್ತು ಹನ್ನೆರಡು ದದ್ದು. ಮಗು ಕೆರೆದುಕೊಂಡು ಅಳುತ್ತಿದೆ. "ಸ್ವಲ್ಪ ಬಾಮ್ ಸವರೇ, ತಣ್ಣಗಾಗುತ್ತೆ" ಎಂದು ಅಜ್ಜಿ ಸೊಸೆಗೆ ಹೇಳುತ್ತಾರೆ. "ಬೇಡ ಅತ್ತೆ, ಉರಿಯತ್ತೆ. ರೋಲ್-ಆನ್ ಹರ್ಬಲ್ಲು, ಮಕ್ಕಳದ್ದೇ" ಎಂದು ಅವಳು ಕಪಾಟು ತೆರೆಯುತ್ತಾಳೆ. ಅಷ್ಟರಲ್ಲಿ ಮಗುವಿನ ಅಪ್ಪ ಮೆಡಿಕಲ್ ಶಾಪಿನಿಂದ ಅಲರ್ಜಿಯ ಮುಲಾಮು ತಂದಾಗಿದೆ. ಮೂವರದ್ದೂ ಮಗುವಿನ ಮೇಲಿನ ಅಕ್ಕರೆಯೇ. ಮೂರನ್ನೂ ಒಂದೊಂದಾಗಿ ಪರೀಕ್ಷಿಸೋಣ.

ಅಜ್ಜಿಯ ಬಾಮಿನಿಂದ ಶುರುಮಾಡೋಣ. ಅದರ ತಂಪಿನ ಮೂಲ ಮೆಂಥಾಲ್, ಪುದೀನ ಜಾತಿಯ ಗಿಡಗಳ ಎಣ್ಣೆಯಿಂದ ಸಿಗುವ ಹರಳು. ಬಾಮು ಸವರಿದ ಕೂಡಲೇ ಚರ್ಮ ತಣ್ಣಗಾದಂತೆ ಅನ್ನಿಸಿದರೂ ಅಲ್ಲಿನ ಉಷ್ಣತೆ ಇಳಿದಿರುವುದಿಲ್ಲ. ಚಳಿಯನ್ನು ಗುರುತಿಸುವ ನರತುದಿಗಳಲ್ಲಿ ಟಿಆರ್‌ಪಿಎಂ8 ಎಂಬ ಒಂದು ಗ್ರಾಹಕವಿದೆ. ನಿಜವಾದ ಚಳಿ ತಾಗಿದಾಗ ಅದು ತೆರೆದುಕೊಳ್ಳುತ್ತದೆ, ಮೆಂಥಾಲ್ ತಾಗಿದಾಗಲೂ ತೆರೆದುಕೊಳ್ಳುತ್ತದೆ. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಎಂಬ ವಿಜ್ಞಾನಿಗಳು 2002ರಲ್ಲಿ ಬೇರೆ ಬೇರೆಯಾಗಿ ಮೆಂಥಾಲನ್ನೇ ಬಳಸಿ ಈ ಗ್ರಾಹಕವನ್ನು ಪತ್ತೆಮಾಡಿದರು. ಉಷ್ಣತೆ ಮತ್ತು ಸ್ಪರ್ಶದ ಗ್ರಾಹಕಗಳ ಕುರಿತ ಕೆಲಸಕ್ಕಾಗಿ 2021ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ತಂಪಿನ ಸುದ್ದಿ ಮಿದುಳಿಗೆ ಹೋದಾಗ ತುರಿಕೆಯ ಸುದ್ದಿ ಹಿಂದೆ ಸರಿಯುತ್ತದೆ. ಮೆಂಥಾಲಿನ ಉಪಕಾರ ಇಷ್ಟೇ, ಆದರೆ ಅದು ನಿಜವಾದ ಉಪಕಾರ. ಹಿಸ್ಟಮಿನ್ ಇರಲಿ, ಬಿಳಿ ಕಣಗಳಿರಲಿ, ಅದಕ್ಕೆ ಲೆಕ್ಕವಿಲ್ಲ. ಹಾಗಾಗಿ ಸಂಜೆಯ ದದ್ದಿಗೂ ಮಾರನೆಯ ದಿನದ ಗುಳ್ಳೆಗೂ ಅದು ಸಮನಾಗಿ ಒದಗುತ್ತದೆ. ಊತವನ್ನು ಇಳಿಸುವುದಿಲ್ಲ, ಗುಳ್ಳೆಯನ್ನು ಬೇಗ ಮಾಯಿಸುವುದೂ ಇಲ್ಲ. ಆವಿಯಾಗಿ ಹೋದ ಮೇಲೆ ತುರಿಕೆ ಮರಳುತ್ತದೆ. ಶೇ 1ರ ಆಸುಪಾಸಿನ ಮೆಂಥಾಲ್ ತುರಿಕೆಗೆ ಸಾಕು. ತಲೆನೋವಿಗೆಂದು, ಮೈಕೈ ನೋವಿಗೆಂದು ಮಾಡಿದ ಬಾಮುಗಳಲ್ಲಿ ಅದು ಹಲವು ಪಟ್ಟು ಹೆಚ್ಚಿರುತ್ತದೆ. ಆ ಪ್ರಮಾಣದಲ್ಲಿ, ಅದರಲ್ಲೂ ಕೆರೆದು ತರಚಿದ ಚರ್ಮದ ಮೇಲೆ, ತಂಪು ಹೋಗಿ ಉರಿ ಹತ್ತುತ್ತದೆ. ಬಾಮು ಹಚ್ಚಿದ ಮಗು ಇನ್ನೂ ಜೋರಾಗಿ ಅತ್ತರೆ ಅದು ಹಟವಲ್ಲ, ನಿಜವಾಗಿ ಉರಿಯುತ್ತಿದೆ ಎಂದೇ ಅರ್ಥ.

ಚಿಕ್ಕ ಮಕ್ಕಳ ವಿಷಯದಲ್ಲಿ ಉರಿಗಿಂತ ದೊಡ್ಡ ಆತಂಕಗಳಿವೆ. ಮೆಂಥಾಲ್, ಕರ್ಪೂರದಂಥ ಘಾಟು ಎಳೆಯ ಮಗುವಿನ ಮೂಗಿನ ಹತ್ತಿರ ಹೋದರೆ ಗಂಟಲಿನ ಸ್ನಾಯು ಬಿಗಿದು ಉಸಿರು ಕಟ್ಟಬಹುದು. ಕಾಲಿಗೆ ತಾನೇ ಹಚ್ಚಿದ್ದು ಎನ್ನುವಂತಿಲ್ಲ. ಒಂದೂವರೆ ವರ್ಷದ ಮಗುವಿನ ಕಾಲು, ಕೈ, ಬಾಯಿ, ಕಣ್ಣು ಎಲ್ಲವೂ ಒಂದೇ ನಿಮಿಷದಲ್ಲಿ ಒಂದಕ್ಕೊಂದು ತಾಗುತ್ತವೆ. ಎರಡು ವರ್ಷದೊಳಗಿನವರಿಗೆ ಇಂಥವು ಬೇಡ ಎಂಬ ಸೂಚನೆ ಇರುವುದು ಇದಕ್ಕಾಗಿಯೇ.

ಬಾಮಿನ ಎರಡನೆಯ ಆತಂಕ ಕರ್ಪೂರ. ಹೊಟ್ಟೆಗೆ ಹೋದರೆ ಅದು ಮಿದುಳಿಗೆ ವಿಷ. ಮಗುವಿನ ಪ್ರತಿ ಕೆಜಿ ತೂಕಕ್ಕೆ 30 ಮಿಲಿಗ್ರಾಂ ಮೀರಿ ನುಂಗಿದ್ದರೆ ಆಸ್ಪತ್ರೆಗೆ ಒಯ್ಯಬೇಕು ಎಂಬುದು ವೈದ್ಯರು ಇಟ್ಟುಕೊಂಡಿರುವ ಅಳತೆ. ನಮ್ಮ 10 ಕೆಜಿಯ ಮಗುವಿಗೆ ಆ ಗೆರೆ 300 ಮಿಲಿಗ್ರಾಂ. ಲೇಬಲ್ಲಿನಲ್ಲಿ ಕರ್ಪೂರ ಶೇ 10 ಎಂದು ಬರೆದ ಬಾಮಿನಲ್ಲಿ 3 ಗ್ರಾಂನೊಳಗೆ ಅಷ್ಟು ಕರ್ಪೂರ ಇರುತ್ತದೆ. ಅದು ಒಂದು ಟೀ ಚಮಚವೂ ತುಂಬುವುದಿಲ್ಲ. ತೆಂಗಿನೆಣ್ಣೆಯಲ್ಲಿ ಕರಗಿಸಿ ಹಚ್ಚಲೆಂದು ತೆಗೆದಿಟ್ಟ ಪೂಜೆಯ ಕರ್ಪೂರವಾದರೆ ಒಂದು ಗ್ರಾಂ ತೂಗುವ ಬಿಲ್ಲೆಯೊಂದೇ ಆ ಗೆರೆಯನ್ನು ಮೂರು ಪಟ್ಟು ದಾಟುತ್ತದೆ. ಮಕ್ಕಳ ಕಣ್ಣಿಗೆ ಅದು ಕಲ್ಲುಸಕ್ಕರೆ. ನುಂಗಿದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮೂರ್ಛೆ, ಅಂದರೆ ಫಿಟ್ಸ್, ಬರಬಹುದು. ಒಮ್ಮೊಮ್ಮೆ ಅದೇ ಮೊದಲ ಲಕ್ಷಣವೂ ಆಗಿರುತ್ತದೆ. ಹಾಗೆ ನುಂಗಿದೆ ಎಂದು ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗಬಾರದು. ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಇನ್ನು ತಾಯಿ ತೆಗೆದ ಹರ್ಬಲ್ ರೋಲ್-ಆನ್. ಮುಂದೆ ಮಗುವಿನ ಚಿತ್ರವಿದೆ, ಸೌಮ್ಯ ಎಂದು ಬರೆದಿದೆ. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಬೇಕು. ಪೆಪ್ಪರ್‌ಮಿಂಟ್ ಎಣ್ಣೆ ಇದ್ದರೆ ಅದು ಮೆಂಥಾಲೇ, ಆ ಎಣ್ಣೆಯ ಮುಖ್ಯ ಅಂಶವೇ ಮೆಂಥಾಲ್. ಆಯುರ್ವೇದ ಪರವಾನಗಿಯ ಬಾಟಲಿಗಳಲ್ಲಿ ಪುದೀನಾ ಕೆ ಫೂಲ್ ಎಂದು ಕಂಡರೆ ಅದೂ ಮೆಂಥಾಲ್. ಕರ್ಪೂರ, ನೀಲಗಿರಿ ತೈಲ ಇದ್ದರೆ ಬಾಮಿನ ಬಗ್ಗೆ ಹೇಳಿದ ಎಚ್ಚರಿಕೆ ಇದಕ್ಕೂ ಸಲ್ಲುತ್ತದೆ. ಗಂಧಪುರ ತೈಲ ಎಂದಿದ್ದರೆ ಅದು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ಹತ್ತಿರದ ಸಂಬಂಧಿ. ಮಕ್ಕಳ ಕೈಗೆ ಸಿಗಲೇಬಾರದ ವಸ್ತು. ಗಿಡದಿಂದ ಬಂದದ್ದು ಎಂಬ ಕಾರಣಕ್ಕೆ ಇವು ಯಾವುವೂ ಸೌಮ್ಯವಾಗುವುದಿಲ್ಲ. ಬಾಟಲಿಯ ಬೆಲೆ, ಬಣ್ಣ, ಚಿತ್ರಗಳಿಗಿಂತ ಈ ನಾಲ್ಕೈದು ಹೆಸರುಗಳನ್ನು ಗುರುತು ಹಿಡಿಯುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ರೋಲ್-ಆನಿನ ಆಕಾರದಲ್ಲೂ ಒಂದೆರಡು ತೊಡಕುಗಳಿವೆ. ಕೆಲವಲ್ಲಿ ಬೇಗ ಒಣಗಲೆಂದು ಆಲ್ಕೋಹಾಲ್ ಸೇರಿಸಿರುತ್ತಾರೆ, ತರಚಿದ ಜಾಗಕ್ಕೆ ತಾಗಿದರೆ ಚುರ್ ಎನ್ನುತ್ತದೆ. ತುದಿಯ ಗುಂಡು ಕೀವಾದ ಗುಳ್ಳೆಯ ಮೇಲೆ ಉರುಳಿದರೆ ಅಲ್ಲಿನ ಬ್ಯಾಕ್ಟೀರಿಯಾವನ್ನು ಮುಂದಿನ ಗುಳ್ಳೆಗೂ, ಆಮೇಲೆ ಅಣ್ಣನ ಕಾಲಿಗೂ ಒಯ್ಯುತ್ತದೆ. ಚರ್ಮ ಕಿತ್ತಿದ್ದರೆ ಅಲ್ಲಿ ರೋಲ್-ಆನ್ ಉರುಳಿಸಲೇಬಾರದು. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಂದೇ ಬಾಟಲಿಯನ್ನು ಇಬ್ಬರಿಗೂ ಬಳಸದಿರುವುದು ಲೇಸು.

ಇದಕ್ಕಿಂತ ಹೆಚ್ಚು ಎಡವಟ್ಟಾಗುವುದು ಇನ್ನೊಂದು ಕಡೆ. ಸೊಳ್ಳೆ ಹತ್ತಿರ ಬಾರದಂತೆ ಬಟ್ಟೆಗೆ ಹಚ್ಚುವ ರೋಲ್-ಆನ್‌ಗಳೂ ಅದೇ ಅಂಗಡಿಯಲ್ಲಿ, ಅದೇ ಗಾತ್ರದಲ್ಲಿ, ಅದೇ ಹಸಿರು ಬಣ್ಣದಲ್ಲಿ ಸಿಗುತ್ತವೆ. ಅವುಗಳಲ್ಲಿರುವುದು ಸಿಟ್ರೊನೆಲ್ಲಾ, ನೀಲಗಿರಿಯಂಥ ಎಣ್ಣೆಗಳು. ಅವು ಅಂಗಿಯ ತೋಳು, ಪ್ಯಾಂಟಿನ ಅಂಚಿನ ಮೇಲೆ ಚುಕ್ಕಿ ಇಡಲು ಮಾಡಿದವು, ಚರ್ಮಕ್ಕಲ್ಲ. ಕಚ್ಚುವ ಮೊದಲು ಬಟ್ಟೆಗೆ ಹಚ್ಚುವುದನ್ನು ಕಚ್ಚಿದ ಮೇಲೆ ಗುಳ್ಳೆಗೆ ಹಚ್ಚಿದರೆ ತುರಿಕೆ ಹೋಗುವುದಿಲ್ಲ, ಚರ್ಮ ಉರಿಯುತ್ತದೆ. ಕೊಳ್ಳುವಾಗ ಕಚ್ಚುವ ಮೊದಲಿನದೋ ಆಮೇಲಿನದೋ, ಬಟ್ಟೆಗೋ ಮೈಗೋ ಎಂದು ಅಂಗಡಿಯವರನ್ನು ಕೇಳಿ, ಲೇಬಲ್ಲಿನಲ್ಲೂ ನೋಡಿಕೊಂಡು ಒಯ್ಯಬೇಕು.

ಮೂರನೆಯದು ಅಪ್ಪ ತಂದ ಅಲರ್ಜಿಯ ಮುಲಾಮು. ಇವುಗಳಲ್ಲಿ ಹೆಚ್ಚಾಗಿ ಕಾಣುವ ಹೆಸರು ಡೈಫೆನ್‌ಹೈಡ್ರಮೈನ್. ಶೇ 1 ಅಥವಾ ಶೇ 2ರ ಪ್ರಮಾಣದಲ್ಲಿರುತ್ತದೆ. ಕೆಲವು ಕ್ಯಾಲಮೈನ್ ಲೋಷನ್ನುಗಳಲ್ಲೂ ಇದನ್ನು ಬೆರೆಸಿರುತ್ತಾರೆ, ಆದ್ದರಿಂದ ಗುಲಾಬಿ ಬಣ್ಣ ಕಂಡ ಮಾತ್ರಕ್ಕೆ ಬರೀ ಕ್ಯಾಲಮೈನ್ ಎಂದುಕೊಳ್ಳಬಾರದು. ಆ್ಯಂಟಿಹಿಸ್ಟಮಿನ್ ಎಂಬ ಈ ಜಾತಿಯ ಔಷಧಿಗಳು ಹಿಸ್ಟಮಿನ್ ಹೋಗಿ ಕೂರುವ ಜಾಗದಲ್ಲಿ ತಾವು ಮೊದಲೇ ಕೂತು ಅದನ್ನು ತಡೆಯುತ್ತವೆ. ತರ್ಕ ಸರಿಯಾಗಿಯೇ ಇದೆ. ತೊಡಕು ಇರುವುದು ಹೊತ್ತಿನಲ್ಲಿ. ಹಿಸ್ಟಮಿನ್ನಿನ ಆಟ ಮೊದಲ ಅರ್ಧ ಗಂಟೆಯದು. ಅಷ್ಟರಲ್ಲಿ ಮುಲಾಮು ತಂದು, ಹಚ್ಚಿ, ಅದು ಚರ್ಮದೊಳಗೆ ಇಳಿಯಬೇಕು. ಮಾರನೆಯ ದಿನದ ಗಟ್ಟಿ ಗುಳ್ಳೆಗೆ ಹಚ್ಚಿದರೆ ತಡೆಯಲು ಅಲ್ಲಿ ಹಿಸ್ಟಮಿನ್ ಹೆಚ್ಚಿಗೆ ಉಳಿದಿರುವುದೇ ಇಲ್ಲ. ಹಚ್ಚಿದರೂ ಕಡಿಮೆಯಾಗಲಿಲ್ಲ ಎಂದು ಮತ್ತೆ ಮತ್ತೆ ಹಚ್ಚುವುದು ಅಲ್ಲಿಂದಲೇ ಶುರು.

ಮತ್ತೆ ಮತ್ತೆ ಹಚ್ಚಿದರೆ ಏನಾಗುತ್ತದೆ, ಲೆಕ್ಕ ಹಾಕೋಣ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಒಂದೂವರೆ ವರ್ಷದ ಮಗುವಿನ ಒಂದು ಕಾಲಿಗೆ ಪೂರ್ತಿ ಸವರಲು ಇಂಥ ಎರಡು ಗೆರೆ ಬೇಕು, ಎರಡು ಕಾಲಿಗೆ ನಾಲ್ಕು. ಅಂದರೆ 2 ಗ್ರಾಂ ಮುಲಾಮು. ಶೇ 1ರದ್ದಾದರೆ ಅದರಲ್ಲಿ 20 ಮಿಲಿಗ್ರಾಂ ಔಷಧಿ, ಶೇ 2ರದ್ದಾದರೆ 40. ಈ ತೂಕದ ಮಗುವಿಗೆ ವೈದ್ಯರು ಇದನ್ನು ಬಾಯಿಯ ಮೂಲಕ ಕೊಡಬೇಕಾಗಿ ಬಂದರೂ ಒಂದು ಸಲಕ್ಕೆ 10ರಿಂದ 12 ಮಿಲಿಗ್ರಾಂ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ. ಹಚ್ಚಿದ್ದೆಲ್ಲ ರಕ್ತ ಸೇರುವುದಿಲ್ಲ, ಗಟ್ಟಿ ಚರ್ಮ ಬಹುಪಾಲನ್ನು ಹೊರಗೇ ಇಡುತ್ತದೆ. ಆದರೆ ಕೆರೆದು ತರಚಿದ ಚರ್ಮ ಹೆಚ್ಚು ಒಳಬಿಡುತ್ತದೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ಮೈಯ ವಿಸ್ತಾರವೂ ದೊಡ್ಡವರಿಗಿಂತ ಹೆಚ್ಚು. ಮೈತುಂಬ ಸಿಡುಬಿನಂಥ ಗುಳ್ಳೆ ಎದ್ದ ಚಿಕನ್‌ಪಾಕ್ಸ್ ಮಕ್ಕಳಿಗೆ ಡೈಫೆನ್‌ಹೈಡ್ರಮೈನ್ ಲೋಷನ್ ಧಾರಾಳವಾಗಿ ಹಚ್ಚಿ, ಅವರಿಗೆ ಬುದ್ಧಿಭ್ರಮಣೆಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಇಂಥ ಮುಲಾಮನ್ನು ಚಿಕನ್‌ಪಾಕ್ಸ್, ದಡಾರ, ನೀರ್ಗುಳ್ಳೆಗಳ ಮೇಲೆ, ಮೈಯ ದೊಡ್ಡ ಭಾಗಕ್ಕೆ ಹಚ್ಚಬೇಡಿ ಎಂಬ ಎಚ್ಚರಿಕೆ ಇರುವುದು ಆ ಕಾರಣಕ್ಕೆ. ಎರಡು ವರ್ಷದೊಳಗಿನ ಮಗುವಿಗಂತೂ ವೈದ್ಯರನ್ನು ಕೇಳದೆ ಬಳಸಲೇಬಾರದು. ಮಗುವಿಗೆ ಆಗಲೇ ನೆಗಡಿ ಕೆಮ್ಮಿನ ಸಿರಪ್ ಕೊಡುತ್ತಿದ್ದರೆ ಅದರಲ್ಲೂ ಇದೇ ಜಾತಿಯ ಔಷಧಿ ಇರಬಹುದು. ಆಗ ಹಚ್ಚಿದ್ದೂ ಕುಡಿಸಿದ್ದೂ ಒಂದಕ್ಕೊಂದು ಸೇರಿ ಲೆಕ್ಕ ಏರುತ್ತದೆ. ಅತಿಯಾದಾಗ ಮಗು ಮಂಪರಿಗೆ ಜಾರುತ್ತದೆ, ಇಲ್ಲವೇ ಅದಕ್ಕೆ ತದ್ವಿರುದ್ಧವಾಗಿ ವಿಪರೀತ ಚಡಪಡಿಸುತ್ತದೆ. ಮುಖ ಕೆಂಪಾಗುತ್ತದೆ, ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಇಲ್ಲದ್ದನ್ನು ಕಂಡಂತೆ ಬೆಚ್ಚುತ್ತದೆ.

ಈ ಮುಲಾಮಿಗೆ ಇನ್ನೊಂದು ಗುಣವಿದೆ. ಅಲರ್ಜಿ ತಡೆಯಲು ಹಚ್ಚಿದ ಔಷಧಿಗೇ ಕೆಲವರ ಚರ್ಮ ಅಲರ್ಜಿ ಬೆಳೆಸಿಕೊಳ್ಳುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಸೊಳ್ಳೆಯ ಗುಳ್ಳೆ ದುಂಡಗೆ, ಕಚ್ಚಿದಲ್ಲೇ ಇರುತ್ತದೆ. ಮುಲಾಮಿನ ಅಲರ್ಜಿಯಾದರೆ ಬೆರಳು ಎಲ್ಲೆಲ್ಲಿ ಓಡಾಡಿತೋ ಅಲ್ಲೆಲ್ಲ ಚರ್ಮ ಕೆಂಪಾಗುತ್ತದೆ, ಸಣ್ಣ ನೀರ್ಗುಳ್ಳೆ ಏಳುತ್ತವೆ, ಹಚ್ಚಿದಷ್ಟೂ ತುರಿಕೆ ಜಾಸ್ತಿಯಾಗುತ್ತದೆ. ಹಾಗಾದರೆ ತಕ್ಷಣ ನಿಲ್ಲಿಸಬೇಕು. ಒಮ್ಮೆ ಹೀಗೆ ಬೆಳೆದ ಅಲರ್ಜಿ ಸಾಮಾನ್ಯವಾಗಿ ಉಳಿದೇಬಿಡುತ್ತದೆ. ದೊಡ್ಡ ಮಕ್ಕಳಿಗೂ ಒಂದೊಂದು ಗುಳ್ಳೆಗೆ ಸಾಸಿವೆಯಷ್ಟು, ದಿನಕ್ಕೆ ಮೂರು ಸಲ, ಮೂರು ದಿನ ಎಂದು ಎಲ್ಲೆ ಹಾಕಿಕೊಂಡರೆ ಈ ಅಪಾಯ ಕಡಿಮೆ. ತುರಿಕೆ ನಿದ್ದೆಗೆಡಿಸುವಷ್ಟಿದ್ದರೆ ಮುಲಾಮು ಬಳಿಯುವುದಕ್ಕಿಂತ, ಮಂಪರು ಕಡಿಮೆ ತರುವ ಸೆಟ್ರಿಜಿನ್‌ನಂಥ ಔಷಧಿಯನ್ನು ಮಗುವಿನ ವಯಸ್ಸು, ತೂಕ ನೋಡಿ ವೈದ್ಯರು ಬಾಯಿಯ ಮೂಲಕ ಕೊಡುವುದು ಹೆಚ್ಚು ಖಚಿತ ದಾರಿ. ಆಗ ಒಳಗೆ ಎಷ್ಟು ಹೋಯಿತು ಎಂಬುದಾದರೂ ಗೊತ್ತಿರುತ್ತದೆ.

ಕೊನೆಗೆ ಉಳಿದದ್ದು ಬರೀ ಕ್ಯಾಲಮೈನ್. ಸತುವಿನ ಆಕ್ಸೈಡಿಗೆ ಚೂರು ಕಬ್ಬಿಣದ ಆಕ್ಸೈಡ್ ಬೆರೆತ ಪುಡಿ ಅದು, ಗುಲಾಬಿ ಬಣ್ಣ ಬರುವುದು ಕಬ್ಬಿಣದಿಂದ. ನೀರಿನಲ್ಲಿ ಕದಡಿದ ಈ ಪುಡಿ ತಳಕ್ಕೆ ಇಳಿದಿರುತ್ತದೆ, ಹಾಗಾಗಿ ಪ್ರತಿ ಸಲವೂ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಬೇಕು. ಇಲ್ಲದಿದ್ದರೆ ಮೇಲಿನ ತಿಳಿನೀರನ್ನಷ್ಟೇ ಹಚ್ಚಿದಂತಾಗುತ್ತದೆ. ಹತ್ತಿಯಲ್ಲಿ ಅದ್ದಿ ಗುಳ್ಳೆಯ ಮೇಲೆ ಒತ್ತಿ, ಉಜ್ಜದೆ ಬಿಟ್ಟರೆ ನೀರು ಆರುತ್ತಾ ಚರ್ಮದ ಬಿಸಿಯನ್ನು ನಿಜವಾಗಿಯೇ ತೆಗೆದುಕೊಂಡು ಹೋಗುತ್ತದೆ. ಒಣಗಿ ಉಳಿದ ಪುಡಿಯ ಪದರ ಉಗುರಿಗೂ ಗುಳ್ಳೆಗೂ ನಡುವೆ ಕೂರುತ್ತದೆ. ಇದು ತುರಿಕೆಯನ್ನು ಗೆಲ್ಲುತ್ತದೆ ಎಂದು ತೋರಿಸುವ ಗಟ್ಟಿ ಪುರಾವೆಯೇನೂ ಇಲ್ಲ, ಆರಾಮವೂ ಸ್ವಲ್ಪ ಹೊತ್ತಿನದೇ. ಆದರೆ ಇದರಲ್ಲಿ ನರವನ್ನು ಕೆಣಕುವ ಘಾಟಿಲ್ಲ, ರಕ್ತಕ್ಕೆ ಇಳಿದು ಮಂಪರು ಬರಿಸುವ ಔಷಧಿಯಿಲ್ಲ. ಮಗುವಿಗೆ ಹಚ್ಚುವ ವಸ್ತುವಿನಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಮುಖ್ಯ. ಪದೇ ಪದೇ ಹಚ್ಚಿದರೆ ಚರ್ಮ ಒಣಗಿ ಬಿರುಸಾಗಬಹುದು. ಕಣ್ಣಿನ ಸುತ್ತ, ಬಾಯಿಯ ಹತ್ತಿರ, ರಸ ಒಸರುವ ಗಾಯದ ಮೇಲೆ ಹಚ್ಚಬಾರದು. ಕೊಳ್ಳುವಾಗ ಹಿಂಬದಿಯಲ್ಲಿ ಡೈಫೆನ್‌ಹೈಡ್ರಮೈನ್, ಕರ್ಪೂರ ಎರಡೂ ಇಲ್ಲದ್ದನ್ನು ಆರಿಸಿಕೊಳ್ಳಬೇಕು.

ಹಾಗಾದರೆ ನಮ್ಮ ಒಂದೂವರೆ ವರ್ಷದ ಮಗುವಿಗೆ ಆ ಸಂಜೆ ಏನು ಮಾಡಬೇಕು? ಮೊದಲು ಎರಡೂ ಕಾಲನ್ನು ಸೋಪು ನೀರಿನಲ್ಲಿ ತೊಳೆದು ಒರೆಸಬೇಕು. ಐಸನ್ನು ಬಟ್ಟೆಯಲ್ಲಿ ಸುತ್ತಿ, ಅಥವಾ ತಣ್ಣೀರಲ್ಲಿ ಹಿಂಡಿದ ಕರವಸ್ತ್ರವನ್ನು, ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಹಿಸ್ಟಮಿನ್ ಹಾರಾಡುವ ಮೊದಲ ಅರ್ಧ ಗಂಟೆಗೆ ಇದಕ್ಕಿಂತ ಬೇಗ ಒದಗುವ ಮುಲಾಮು ಮನೆಯಲ್ಲಿ ಇಲ್ಲ. ಅಜ್ಜಿ ಬಯಸಿದ ತಂಪೂ ಇದರಲ್ಲೇ ಸಿಕ್ಕಿತು, ಘಾಟಿಲ್ಲದೆ. ಆಮೇಲೆ ಒಂದೊಂದು ಗುಳ್ಳೆಗೆ ಕ್ಯಾಲಮೈನ್ ಒತ್ತಿ ಒಣಗಲು ಬಿಟ್ಟು, ಸಡಿಲವಾದ ಹತ್ತಿಯ ಉದ್ದ ಪೈಜಾಮ ಹಾಕಬೇಕು. ಉಗುರು ಕತ್ತರಿಸಿ ಅಂಚು ನಯ ಮಾಡಬೇಕು. ಇದನ್ನು ಸಣ್ಣ ಕೆಲಸ ಎಂದು ಬಿಡಬಾರದು, ಕಚ್ಚಿದ್ದು ಹುಣ್ಣಾಗುವುದು ಸೊಳ್ಳೆಯಿಂದಲ್ಲ, ಉಗುರಿನಿಂದ. ಮಾರನೆಯ ಬೆಳಿಗ್ಗೆ ಗುಳ್ಳೆ ಇನ್ನೂ ಕೆಂಪಾಗಿ ಗಟ್ಟಿಯಾಗಿದ್ದರೆ ಗಾಬರಿಯಾಗಬೇಕಿಲ್ಲ. ಅದು ಮೊದಲೇ ಹೇಳಿದ ಎರಡನೆಯ ಹಂತ, ಔಷಧಿ ಸೋತದ್ದಲ್ಲ. ಅದೇ ತಣ್ಣೀರು, ಅದೇ ಕ್ಯಾಲಮೈನ್. ಅಪ್ಪ ತಂದ ಟ್ಯೂಬು ಈ ಮಗುವಿಗೆ ಬೇಡ. ಇದೇ ಮನೆಯಲ್ಲಿ ಆರು ವರ್ಷದ ಅಕ್ಕ ಇದ್ದರೆ, ಅವಳ ಎರಡು ಮೂರು ಗುಳ್ಳೆಗೆ ಚರ್ಮ ಕಿತ್ತಿಲ್ಲದಿದ್ದರೆ ಕಡಿಮೆ ಮೆಂಥಾಲಿನ ಕ್ರೀಮನ್ನು ಹಚ್ಚಬಹುದು, ಹಚ್ಚಿದ ಕೈಯನ್ನು ತೊಳೆದುಕೊಂಡು.

ಮನೆಯಲ್ಲಿ ಮತ್ತೊಂದು ಟ್ಯೂಬು ಇರುವುದುಂಟು. ದೊಡ್ಡವರ ಹುಳುಕಡ್ಡಿಗೋ ಕಜ್ಜಿಗೋ ಎಂದೋ ತಂದದ್ದು, ಹಚ್ಚಿದ ಕೂಡಲೇ ಕೆಂಪು ಇಳಿಯುತ್ತದೆ ಎಂದು ಹೆಸರು ಮಾಡಿದ್ದು. ಅದರಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್‌ನಂಥ ಬಲವಾದ ಸ್ಟಿರಾಯ್ಡ್ ಇರುತ್ತದೆ. ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು. ಎಳೆಯ ಚರ್ಮವನ್ನು ಇವು ತೆಳ್ಳಗಾಗಿಸುತ್ತವೆ, ಸೋಂಕಿದ್ದರೆ ಅದನ್ನು ಮುಚ್ಚಿ ಬೆಳೆಸುತ್ತವೆ. ಮರುದಿನದ ಗಟ್ಟಿ ಗುಳ್ಳೆಗೆ ಸ್ಟಿರಾಯ್ಡ್ ಕೆಲಸ ಮಾಡುತ್ತದೆ ಎನ್ನುವುದು ನಿಜವೇ, ವೈದ್ಯರು ಸೌಮ್ಯವಾದ ಹೈಡ್ರೊಕಾರ್ಟಿಸೋನನ್ನು ಕೆಲವು ದಿನಕ್ಕೆ ಬರೆದುಕೊಡುವುದೂ ಉಂಟು. ಯಾವುದು, ಎಷ್ಟು ದಿನ ಎಂಬುದನ್ನು ಅವರಿಗೇ ಬಿಡಬೇಕು.

ಎರಡರಿಂದ ಏಳೆಂಟು ವರ್ಷದ ಕೆಲವು ಮಕ್ಕಳಿಗೆ ಒಂದು ಸಲ ಕಚ್ಚಿದ್ದು ವಾರಗಟ್ಟಲೆ ಆರುವುದಿಲ್ಲ. ಮೊಣಕಾಲ ಕೆಳಗೆ ಗುಂಪು ಗುಂಪಾಗಿ ಗುಳ್ಳೆ ಏಳುತ್ತವೆ, ಹೊಸದೊಂದು ಕಚ್ಚಿದರೆ ಮಾಯುತ್ತಿದ್ದ ಹಳೆಯವೂ ಮತ್ತೆ ಕೆರಳುತ್ತವೆ. ರಕ್ತ ಕೆಟ್ಟಿದೆ ಎಂದು ರಕ್ತಶುದ್ಧಿಯ ಟಾನಿಕ್ ಕುಡಿಸುವ ಮನೆಗಳು ಈಗಲೂ ಇವೆ. ರಕ್ತ ಕೆಟ್ಟಿರುವುದಿಲ್ಲ. ಇದು ಕೀಟದ ಜೊಲ್ಲಿಗೆ ಮಗುವಿನ ದೇಹ ತೋರುವ ಅತಿಯಾದ ಪ್ರತಿಕ್ರಿಯೆ, ವೈದ್ಯರು ಪ್ಯಾಪ್ಯುಲರ್ ಅರ್ಟಿಕೇರಿಯಾ ಎನ್ನುತ್ತಾರೆ. ಬೆಳೆಯುತ್ತ ಬೆಳೆಯುತ್ತ ದೇಹ ಆ ಜೊಲ್ಲಿಗೆ ಒಗ್ಗಿಕೊಂಡು ಇದು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಯಾವ ಕ್ರೀಮೂ ಸೊಳ್ಳೆಪರದೆಗೆ ಸಮವಲ್ಲ. ಮನೆಯಲ್ಲಿ ನಾಯಿ ಬೆಕ್ಕಿದ್ದರೆ ಅವುಗಳ ಚಿಗಟ, ಮಂಚದಲ್ಲಿ ತಿಗಣೆ ಇದೆಯೇ ಎಂದೂ ನೋಡಬೇಕು.

ಹಚ್ಚುವುದನ್ನು ಬಿಟ್ಟು ಆಸ್ಪತ್ರೆಗೆ ಹೊರಡಬೇಕಾದ ಹೊತ್ತು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಸೊಳ್ಳೆ ಕಚ್ಚಿದ ಕೆಲವೇ ಗಂಟೆಯಲ್ಲಿ ಮಗುವಿನ ಕೈಯೋ ಕಣ್ಣಿನ ರೆಪ್ಪೆಯೋ ದೊಡ್ಡದಾಗಿ ಊದಿಕೊಂಡರೆ, ಕೆಂಪಾಗಿದ್ದರೂ ನೋವಿಗಿಂತ ತುರಿಕೆಯೇ ಹೆಚ್ಚಿದ್ದರೆ, ಅದು ಬಹುಮಟ್ಟಿಗೆ ಅಲರ್ಜಿಯ ಊತ. ಆ್ಯಂಟಿಬಯೋಟಿಕ್ ಬೇಕಿಲ್ಲ, ಆದರೂ ವೈದ್ಯರು ಒಮ್ಮೆ ನೋಡುವುದು ಒಳ್ಳೆಯದು. ಅದಕ್ಕೆ ಬದಲಾಗಿ ಒಂದೆರಡು ದಿನ ಕಳೆದ ಮೇಲೆ ಕೆಂಪು ಹರಡಲು ಶುರುವಾಗಿ, ಮುಟ್ಟಿದರೆ ನೋವು, ಬಿಸಿ, ಕೀವು, ಜೇನಿನ ಬಣ್ಣದ ಹಕ್ಕಳೆ ಕಂಡರೆ ಅದು ಸೋಂಕು. ಕ್ಯಾಲಮೈನ್ ಅಲ್ಲಿ ಏನೂ ಮಾಡದು. ಜೇನು, ಕಣಜ, ಇರುವೆ ಕಡಿದಾಗ ತುಟಿ ಮುಖ ಊದಿ, ಮೈತುಂಬ ಪಿತ್ತಗಂಧೆ ಎದ್ದು, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಬಂದರೆ ಟ್ಯೂಬು ಹುಡುಕುತ್ತ ನಿಲ್ಲಬಾರದು, 108ಕ್ಕೆ ಕರೆ ಮಾಡಬೇಕು. ತುರಿಕೆ ನಿಂತಿತೆಂದು ಸೊಳ್ಳೆಯ ಲೆಕ್ಕ ಮುಗಿಯಿತು ಎಂದೂ ತಿಳಿಯಬಾರದು. ಡೆಂಗಿಯ ಜ್ವರ ಸಾಮಾನ್ಯವಾಗಿ ಕಚ್ಚಿದ 4ರಿಂದ 10 ದಿನದಲ್ಲಿ ಕಾಣಿಸಿಕೊಳ್ಳುತ್ತದೆ, ಆಗ ಕಾಲಿನ ಗುಳ್ಳೆ ಮಾಸಿಹೋಗಿರಲೂಬಹುದು.

ಬಾಮು, ರೋಲ್-ಆನ್, ಮುಲಾಮು ಯಾವುದನ್ನೂ ಮನೆಯಿಂದ ಹೊರಗೆಸೆಯಬೇಕಾಗಿಲ್ಲ. ದೊಡ್ಡವರ ತಲೆನೋವಿಗೆ, ದೊಡ್ಡ ಮಕ್ಕಳ ಒಂದೆರಡು ಗುಳ್ಳೆಗೆ ಅವು ಇರಲಿ, ಆದರೆ ಚಿಕ್ಕವರ ಕೈಗೆ ಎಟುಕದ ಎತ್ತರದಲ್ಲಿ. ಎರಡು ವರ್ಷ ತುಂಬದ ಮಗು ಇರುವ ಮನೆಯಲ್ಲಿ ಕೈಗೆ ಸಿಗುವಂತೆ ಇರಬೇಕಾದದ್ದು ಮೂರೇ: ಒಂದು ಶುಭ್ರವಾದ ಬಟ್ಟೆ, ತಣ್ಣೀರು, ಮತ್ತೇನೂ ಬೆರೆಸದ ಕ್ಯಾಲಮೈನ್ ಬಾಟಲಿ. ಮುಂದಿನ ಸಲ ಮೆಡಿಕಲ್ ಶಾಪಿಗೆ ಹೋದಾಗ ಕೈಗೆ ತೆಗೆದುಕೊಂಡ ಬಾಟಲಿಯನ್ನು ತಿರುಗಿಸಿ ಹಿಂದಿನ ಪಟ್ಟಿಯನ್ನು ಓದಿ, ಮಗುವಿನ ವಯಸ್ಸು ಹೇಳಿ ಫಾರ್ಮಸಿಸ್ಟರನ್ನು ಕೇಳಿ, ಆಮೇಲೆ ದುಡ್ಡು ಕೊಡಿ.